ತಜ್ಞರಿಗಿಂತ ಮೊದಲು ಪ್ರಶ್ನೆ ಬರಬೇಕು

ಮೇ ತಿಂಗಳು ಬಂತೆಂದರೆ ನಮ್ಮ ಪುತ್ತೂರು, ಸುಳ್ಯದ ಕಡೆ ಫೋನಿಗೆ ಎರಡು ಬಗೆಯ ಆಮಂತ್ರಣ ಬರಲು ಶುರುವಾಗುತ್ತದೆ. ಒಂದು ಮದುವೆ, ಉಪನಯನದ್ದು. ಇನ್ನೊಂದು ಅಡಿಕೆ ಬೆಳೆಗಾರರಿಗೆ ತಜ್ಞರೊಂದಿಗೆ ನೇರ ಸಂವಾದ ಇದೆ ಎನ್ನುವುದು. ಮಳೆಗಾಲ ಹತ್ತಿರ ಬಂದಿರುತ್ತದೆ, ಎಲ್ಲರ ತಲೆಯಲ್ಲೂ ಕೊಳೆರೋಗ ಕೂತಿರುತ್ತದೆ, ಹಾಗಾಗಿ ಈ ಹೊತ್ತಿಗೆ ಇಂಥ ಕಾರ್ಯಕ್ರಮ ಇಡುವುದು ಸರಿಯೇ. ಆದರೆ ಆ ಪ್ರಕಟಣೆಗಳನ್ನು ನೋಡುವಾಗ ನನಗೆ ಪ್ರತಿ ಸಲ ಒಂದು ಕಸಿವಿಸಿ. ತಜ್ಞರ ಫೋಟೊ ದೊಡ್ಡದಾಗಿ ಇರುತ್ತದೆ. ಅವರ ಪದವಿಗಳು, ಅಧ್ಯಕ್ಷತೆ ಯಾರದ್ದು, ಸ್ವಾಗತ ಯಾರದ್ದು, ಧನ್ಯವಾದ ಯಾರದ್ದು, ಎಲ್ಲ ಇರುತ್ತದೆ. ಕೊನೆಯ ಸಾಲಿನಲ್ಲಿ ಸಣ್ಣಕ್ಕೆ "ನಾಳೆ ಸಂಜೆ 7ಕ್ಕೆ. ಪ್ರಶ್ನೆ ಕೇಳಲು ಅವಕಾಶವಿದೆ."

ಯಾವ ನಾಳೆ? ಆ ಚಿತ್ರ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿ ನನ್ನ ಫೋನಿಗೆ ಬರುವಾಗ ಯಾವ ದಿನ ಆಗಿದೆಯೋ ಗೊತ್ತಿಲ್ಲ. ಮತ್ತೆ ಪ್ರಶ್ನೆ ಕೇಳಲು ಅವಕಾಶ ಅಂದರೆ ಯಾವಾಗ, ಹೇಗೆ? ನೇರ ಶುರುವಾದ ಮೇಲೆ ಮುಕ್ಕಾಲು ಗಂಟೆ ಸ್ಲೈಡ್ ನೋಡಿ, ಆಮೇಲೆ ಉಳಿದ ಹತ್ತು ನಿಮಿಷದಲ್ಲಿ, "ಹಲೋ, ಸರ್, ಕೇಳ್ತದಾ?" ಎನ್ನುವುದರಲ್ಲಿ ಎರಡು ನಿಮಿಷ ಕಳೆದು, ಇಬ್ಬರೋ ಮೂವರೋ ಕೇಳುವುದು. ಇಷ್ಟಕ್ಕೆ ದೊಡ್ಡ ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರ ಮಧ್ಯಾಹ್ನವೋ ಸಂಜೆಯೋ ಪೂರ್ತಿ ಹೋಗಿರುತ್ತದೆ. ನಮ್ಮದೂ ಹೋಗಿರುತ್ತದೆ.

ಕೆಲವು ವರ್ಷಗಳಿಂದ ನಾವು ನಾಲ್ಕಾರು ಬೆಳೆಗಾರರು ಸೇರಿ ಇಂಥ ಮಾತುಕತೆ ನಡೆಸುತ್ತಿದ್ದೇವೆ. ಒಂದು ವಿಷಯ ನನಗೆ ಖಚಿತವಾಗಿದೆ. ತಜ್ಞರು ಎಷ್ಟು ಒಳ್ಳೆಯವರು ಎನ್ನುವುದರ ಮೇಲಲ್ಲ, ಪ್ರಕಟಣೆಯಲ್ಲಿ ನಾವು ಜನರ ಹತ್ತಿರ ಏನು ಕೇಳಿದೆವು ಎನ್ನುವುದರ ಮೇಲೆ ಉತ್ತರದ ಗುಣ ನಿಲ್ಲುತ್ತದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ನಳ್ಳಿ ಉದುರ್ತದೆ, ಎಂತ ಬಿಡುದು?"

ಅಡಿಕೆ ಬೆಳೆಗಾರರನ್ನು ಕೂರಿಸಿ ಪ್ರಶ್ನೆ ಕೇಳಿ ಅಂದರೆ ಬೇಸಿಗೆಯಲ್ಲಿ ಮೊದಲು ಬರುವ ಪ್ರಶ್ನೆ ಇದು. ಎಳೆಕಾಯಿ, ಅಂದರೆ ನಳ್ಳಿ, ಮರದಡಿ ಚೆಲ್ಲಿ ಬಿದ್ದಿರುತ್ತದೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಯಾವ ಮದ್ದು ಬಿಡುವುದು ಎನ್ನುವುದು ಅವರಿಗೆ ತಕ್ಷಣ ಬೇಕಾದ ಉತ್ತರ. ಆದರೆ ಈ ಪ್ರಶ್ನೆಗೆ, ಹೀಗೆ ಕೇಳಿದರೆ, ಯಾವ ವಿಜ್ಞಾನಿಯೂ ಉತ್ತರ ಕೊಡಲಾರರು. ಕೊಡಬಾರದು ಕೂಡ. ಯಾಕೆಂದರೆ ನಳ್ಳಿ ಉದುರಲು ಕಾರಣ ಒಂದಲ್ಲ. ಬಿಟ್ಟ ಹೆಣ್ಣು ಹೂವೆಲ್ಲ ಕಾಯಿ ಕಟ್ಟುವುದಿಲ್ಲ, ಸ್ವಲ್ಪ ಉದುರುವುದು ಮರದ ಸಹಜ ಗುಣ. ಬಿಸಿಲು ಜಾಸ್ತಿಯಾಗಿ ನೀರು ಕಡಿಮೆಯಾದರೂ ಉದುರುತ್ತದೆ. ರಸ ಹೀರುವ ತಿಗಣೆ ಬಂದರೂ ಉದುರುತ್ತದೆ. ಹಿಂಗಾರ ಒಣಗುವ ರೋಗ ಬಂದರೂ ಉದುರುತ್ತದೆ. ಒಂದಕ್ಕೆ ನೀರು ಬೇಕು, ಒಂದಕ್ಕೆ ಕೀಟನಾಶಕ, ಒಂದಕ್ಕೆ ಶಿಲೀಂಧ್ರನಾಶಕ, ಮತ್ತೊಂದಕ್ಕೆ ಏನೂ ಬೇಡ. ನೇರ ಪ್ರಸಾರದಲ್ಲಿ ಮೂವತ್ತು ಸೆಕೆಂಡಿನಲ್ಲಿ ಈ ಪ್ರಶ್ನೆ ಬಂದರೆ ತಜ್ಞರು "ಹಲವು ಕಾರಣ ಇರಬಹುದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ" ಎನ್ನುತ್ತಾರೆ. ಅವರು ಹೇಳಿದ್ದು ಸರಿಯೇ. ಕೇಳಿದವರಿಗೆ ಮಾತ್ರ ಏನೂ ಸಿಕ್ಕಿರುವುದಿಲ್ಲ.

ಒಂದು ಸಲ ಹೀಗೇ ಪ್ರಶ್ನೆ ಬಂತು. ಆ ಸಲ ಉತ್ತರಿಸಲು ಒಪ್ಪಿದ್ದ ತಜ್ಞರು ಒಬ್ಬ ಮೇಡಂ. ಕಳುಹಿಸಿದವರು ನಮ್ಮ ಪಕ್ಕದ ಊರಿನ ಹಿರಿಯರು, ನಾನು ಮಾವ ಎಂದು ಕರೆಯುವವರು. ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದು ಇಷ್ಟೇ: "ನಳ್ಳಿ ರಾಶಿ ಉದುರ್ತಾ ಉಂಟು ಮಾರಾಯ. ಆ ಮೇಡಂ ಹತ್ರ ಎಂತ ಬಿಡುದು ಕೇಳು." ಜೊತೆಗೊಂದು ಫೋಟೊ. ನೆಲದಿಂದ ಮೇಲಕ್ಕೆ ತೆಗೆದದ್ದು. ಆಕಾಶ ಬೆಳ್ಳಗೆ ಇತ್ತು, ಮರದ ತಲೆ ಕಪ್ಪಗೆ ಇತ್ತು, ಮತ್ತೇನೂ ಕಾಣುತ್ತಿರಲಿಲ್ಲ. ಮಾತುಕತೆಗೆ ಇನ್ನೂ ನಾಲ್ಕು ದಿನ ಇತ್ತು, ಹಾಗಾಗಿ ತಿರುಗಿ ಫೋನ್ ಮಾಡಲು ಸಮಯ ಸಿಕ್ಕಿತು. ಪ್ರಶ್ನೆಯನ್ನು ಮುಂಚಿತವಾಗಿ ತರಿಸಿಕೊಳ್ಳುವುದರ ದೊಡ್ಡ ಲಾಭ ಇದೇ. ಪಟ್ಟಿ ಮಾಡಿಟ್ಟುಕೊಳ್ಳುವುದು ಆಮೇಲಿನ ಮಾತು, ತಿರುಗಿ ಕೇಳಲು ದಾರಿ ಇರಬೇಕು.

"ಮಾವ, ಬಿದ್ದ ನಳ್ಳಿ ಒಂದು ಹಿಡಿ ಹೆಕ್ಕಿ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಕಪ್ಪು ಚುಕ್ಕೆ ಉಂಟಾ?"

ಸ್ವಲ್ಪ ಹೊತ್ತಿನಲ್ಲಿ ಅವರ ಮೊಮ್ಮಗಳು ಫೋಟೊ ಕಳುಹಿಸಿದಳು. ಅಂಗಳದ ಬೆಳಕಿನಲ್ಲಿ, ಹತ್ತಿರದಿಂದ. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟಿದ್ದಳು, ಕಾಯಿ ಎಷ್ಟು ದೊಡ್ಡದು ಎಂದು ಗೊತ್ತಾಗಲಿ ಅಂತ. ಕೆಲವನ್ನು ಅಡ್ಡಕ್ಕೆ ಕತ್ತರಿಸಿಯೂ ಇಟ್ಟಿದ್ದಳು. ಚುಚ್ಚಿದ ಗುರುತು ಒಂದರಲ್ಲೂ ಇರಲಿಲ್ಲ. ತಿಗಣೆ ರಸ ಹೀರಿದ್ದರೆ ಕಾಯಿಯ ಮೇಲೆ ಸ್ವಲ್ಪ ಒಳಕ್ಕೆ ಇಳಿದಂಥ ಕಪ್ಪು ಚುಕ್ಕೆ ಇರುತ್ತದೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಬರಿಗಣ್ಣಿಗೂ ಕಾಣುತ್ತದೆ. ಅದಿಲ್ಲ ಅಂದಮೇಲೆ ಹಿಂಗಾರವನ್ನೇ ನೋಡಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಅಡಿಕೆಯ ಹಿಂಗಾರದಲ್ಲಿ ಎಸಳುಗಳ ತುದಿಯ ಕಡೆಗೆಲ್ಲ ಸಣ್ಣ ಗಂಡು ಹೂವು, ಬುಡದ ಹತ್ತಿರ ದಪ್ಪನೆಯ ಹೆಣ್ಣು ಹೂವು. ಗಂಡು ಹೂವು ಮೊದಲು ಅರಳಿ ಉದುರಿ ಮುಗಿಯುತ್ತದೆ. ಆಮೇಲೆ ಆ ತುದಿಗಳು ತಾವಾಗಿಯೇ ಒಣಗುತ್ತವೆ. ಅದು ರೋಗವಲ್ಲ. ಹಿಂಗಾರ ಒಣಗುವ ರೋಗದಲ್ಲಿ ಹಳದಿ ಬಣ್ಣ ಅದೇ ತುದಿಯಿಂದ ಶುರುವಾಗಿ, ಕಂದಾಗಿ, ಕೆಳಗಿಳಿದು, ಹೆಣ್ಣು ಹೂವು ಕೂತಿರುವ ಜಾಗ ದಾಟಿ ದಪ್ಪ ದಂಟಿನ ತನಕ ಬರುತ್ತದೆ. ಹಾಗಾಗಿ ಬರೇ ತುದಿಯ ಫೋಟೊ ನೋಡಿ ಯಾರೂ ಏನೂ ಹೇಳುವ ಹಾಗಿಲ್ಲ. ಬುಡದಿಂದ ತುದಿಯ ತನಕ ಇಡೀ ಹಿಂಗಾರ ಒಂದೇ ಫೋಟೊದಲ್ಲಿ ಇರಬೇಕು. ಒಣಗಿದ್ದು ಎಲ್ಲಿ ನಿಂತಿದೆ ಎನ್ನುವುದನ್ನು ತಜ್ಞರು ನೋಡುತ್ತಾರೆ.

ಮಾರನೇ ದಿನ ಮರ ಹತ್ತುವವರು ಬಂದಿದ್ದರು. ಅವರ ಹತ್ತಿರ ಒಂದು ಹಿಂಗಾರ ಕೊಯ್ಸಿ ಕೆಳಗೆ ತಂದು ಜಗಲಿಯಲ್ಲಿ ಹರಡಿ ಫೋಟೊ ತೆಗೆದರು. ಒಣಗಿದ್ದು ದಂಟಿನ ತನಕ ಇಳಿದಿತ್ತು. ಎಸಳುಗಳ ಮೇಲೆ ಸಣ್ಣ ಸಣ್ಣ ಉಂಗುರದ ಹಾಗೆ ಗುರುತು ಕಾಣುತ್ತಿತ್ತು. ತೋಟಕ್ಕೆ ಎಷ್ಟು ವರ್ಷ, ನೀರು ಎಷ್ಟು ದಿನಕ್ಕೊಮ್ಮೆ, ಉದುರಲು ಶುರುವಾಗಿ ಎಷ್ಟು ದಿನ, ತೋಟದಲ್ಲಿ ಎಲ್ಲ ಕಡೆಯೋ ಒಂದು ಬದಿಯಲ್ಲಿ ಮಾತ್ರವೋ, ಈ ವರ್ಷ ಏನಾದರೂ ಮದ್ದು ಬಿಟ್ಟಿದ್ದೀರಾ, ಇಷ್ಟು ಕೇಳಿ ಬರೆದು ಫೋಟೊಗಳ ಜೊತೆ ಮೇಡಂಗೆ ಕಳುಹಿಸಿದೆವು.

ನೇರ ಪ್ರಸಾರದಲ್ಲಿ ಮೇಡಂ ಆ ಫೋಟೊವನ್ನೇ ಪರದೆಯ ಮೇಲೆ ಹಾಕಿದರು. ಇದು ಹಿಂಗಾರ ಒಣಗುವ ರೋಗ, ಕೊಲೆಟೋಟ್ರೈಕಮ್ ಎನ್ನುವ ಶಿಲೀಂಧ್ರದ್ದು, ನೋಡಿ ಇಲ್ಲಿ ದಂಟಿನ ತನಕ ಬಂದಿದೆ, ಸಹಜವಾಗಿ ಒಣಗಿದ್ದಾದರೆ ಇಲ್ಲಿಗೆ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಒಣಗಿದ ಹಿಂಗಾರಗಳನ್ನು ಮರದಲ್ಲೇ ಬಿಟ್ಟರೆ ಶಿಲೀಂಧ್ರ ಅದರಲ್ಲೇ ಉಳಿದು ಮುಂದಿನ ಹಿಂಗಾರಕ್ಕೆ ಹಬ್ಬುತ್ತದೆ, ಮೊದಲು ಅದನ್ನು ತೆಗೆಸಿ ಸುಡಿ, ಮದ್ದು ಬಿಡುವುದಾದರೆ ಹೆಣ್ಣು ಹೂವು ಅರಳುವ ಹೊತ್ತಿಗೆ ಬಿಡಬೇಕು, ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಬಿಡುವ ಬೋರ್ಡೊ ಈಗಾಗಲೇ ಉದುರುತ್ತಿರುವುದನ್ನು ನಿಲ್ಲಿಸುವುದಿಲ್ಲ ಎಂದರು. ನಾಲ್ಕೈದು ನಿಮಿಷದ ಉತ್ತರ. ಕೇಳುತ್ತಿದ್ದ ಎಷ್ಟೋ ಜನ ಅವತ್ತು ಸಂಜೆಯೇ ತಮ್ಮ ತೋಟದ ಹಿಂಗಾರ ನೋಡಿ ಫೋನ್ ಮಾಡಿದರು. ಕೆಲವರದ್ದು ರೋಗ. ಕೆಲವರದ್ದು ಸುಮ್ನೆ ಗಂಡು ಹೂವಿನ ತುದಿ ಒಣಗಿದ್ದು, ಅವರಿಗೆ ಮದ್ದಿನ ದುಡ್ಡು ಉಳಿಯಿತು.

ಮಾವನ ಪ್ರಶ್ನೆ ಮೊದಲು ಬಂದ ರೂಪದಲ್ಲೇ ನೇರಕ್ಕೆ ಹೋಗಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ ಅಲ್ವಾ.

ಒಂದೇ ಪ್ರಶ್ನೆ, ಬೇರೆ ಬೇರೆ ತೋಟ

ಮುಂಚಿತವಾಗಿ ಪ್ರಶ್ನೆ ತರಿಸಿಕೊಂಡರೆ ಇನ್ನೊಂದು ಸಂಗತಿ ಕಾಣುತ್ತದೆ. ಹತ್ತು ಕಡೆಯಿಂದ ಬಂದ ಹತ್ತು ಪ್ರಶ್ನೆ ಒಟ್ಟಿಗೆ ಇಟ್ಟು ಓದಿದರೆ ಅದರಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಇರುತ್ತದೆ. ನಮ್ಮಲ್ಲಿ ಅದು "ಬೋರ್ಡೊ ಬಿಟ್ಟರೂ ಕೊಳೆ ಬಂತು, ಯಾಕೆ?" ಎನ್ನುವುದು.

ಕೊಳೆರೋಗ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ದೊಡ್ಡ ವರದಿ ಬರೆದಿದ್ದಾರೆ, ಬೋರ್ಡೊ ದ್ರಾವಣವನ್ನು ಅಡಿಕೆ ಮರಕ್ಕೆ ತಂದವರೂ ಅವರೇ. ಅಳತೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಗೊತ್ತಿದ್ದೂ ಕೊಳೆ ಬಂತು ಅಂದರೆ ಎಲ್ಲಿ ತಪ್ಪಿತು?

ಬಂದ ಪ್ರಶ್ನೆಗಳಿಗೆಲ್ಲ ನಾವು ಮೂರೇ ಮೂರು ಮರುಪ್ರಶ್ನೆ ಕಳುಹಿಸಿದೆವು. ಮೊದಲ ಸಲ ಬಿಟ್ಟದ್ದು ಯಾವ ತಾರೀಕಿಗೆ, ಎರಡನೆಯದ್ದು ಯಾವ ತಾರೀಕಿಗೆ, ಸುಣ್ಣ ಎಂಥದ್ದು. ಉತ್ತರ ಬಂದ ಮೇಲೆ ಪ್ರಶ್ನೆಗಳು ತಾವಾಗಿಯೇ ಮೂರು ಗುಂಪಾದವು. ಕೆಲವರಿಗೆ ಮದ್ದು ಬಿಡುವವರು ಸಿಗದೆ ಮಳೆ ಹಿಡಿದ ಮೇಲೆ ಬಿಟ್ಟಿದ್ದರು. ಕೆಲವರು ಮೊದಲ ಸಲ ಸರಿಯಾಗಿ ಬಿಟ್ಟು, ಜುಲೈಯಲ್ಲಿ ಬಿಡದೆ ಸುರಿದ ಮಳೆಗೆ ಎರಡನೆಯದ್ದನ್ನು ತುಂಬ ದೂರ ತಳ್ಳಿದ್ದರು. ಮೂರನೆಯ ಗುಂಪು ತಾರೀಕು ಎರಡೂ ಸರಿ ಇದ್ದವರದ್ದು. ಅವರಲ್ಲಿ ಜಾಸ್ತಿ ಜನ ಹಳೆಯ ಸುಣ್ಣ ಉಪಯೋಗಿಸಿದ್ದರು. ಕಳೆದ ವರ್ಷ ಉಳಿದದ್ದು, ಚೀಲ ಬಿಚ್ಚಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟದ್ದು.

ಇದನ್ನು ಮುಂಚೆಯೇ ಕಳುಹಿಸಿದ್ದರಿಂದ ಮೇಡಂ ತಯಾರಿ ಮಾಡಿಕೊಂಡು ಬಂದರು. ಭಾಷಣ ಬೇಡ, ತೋರಿಸುತ್ತೇನೆ ಎಂದರು. ನಮ್ಮಲ್ಲೇ ಒಬ್ಬರ ಮನೆಯ ಅಂಗಳದಿಂದ ನೇರ ಪ್ರಸಾರ. ಎರಡು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಎರಡು ದ್ರಾವಣ ಮಾಡಿದ್ದರು, ಮೈಲುತುತ್ತು ಒಂದೇ, ಸುಣ್ಣ ಮಾತ್ರ ಬೇರೆ. ಒಂದಕ್ಕೆ ಹೊಸ ಚಿಪ್ಪಿನ ಸುಣ್ಣ, ಇನ್ನೊಂದಕ್ಕೆ ಪ್ರಶ್ನೆ ಕೇಳಿದವರ ಮನೆಯ ಹಳೆಯ ಸುಣ್ಣ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಲ್ಲಿ ಕಲಕಿದರು. ನೋಡಲು ಎರಡೂ ನೀಲಿಯೇ, ಹಳೆಯ ಸುಣ್ಣದ್ದು ಸ್ವಲ್ಪ ತಿಳಿ ಹಸಿರಿಗೆ ಇತ್ತು ಅಷ್ಟೆ. ಆಮೇಲೆ ಚೆನ್ನಾಗಿ ತಿಕ್ಕಿ ಹೊಳೆಯುವ ಹಾಗೆ ಮಾಡಿದ ಎರಡು ಕಬ್ಬಿಣದ ಚೂರಿಗಳನ್ನು ಎರಡು ಬಕೆಟ್‌ಗೆ ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಒಂದು ಚೂರಿ ಹಾಗೇ ಬೆಳ್ಳಗೆ. ಇನ್ನೊಂದಕ್ಕೆ ಕೆಂಪಾಗಿ ತಾಮ್ರ ಹಿಡಿದಿತ್ತು.

ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಎಂದು ಅರ್ಥ. ಸುಣ್ಣ ಗಾಳಿಗೆ ತೆರೆದುಕೊಂಡು ಕೂತರೆ ನಿಧಾನಕ್ಕೆ ಸತ್ವ ಕಳೆದುಕೊಂಡು ಬರೇ ಸುಣ್ಣದ ಕಲ್ಲಿನ ಪುಡಿಯಂತಾಗುತ್ತದೆ. ಆಗ ತೂಕಕ್ಕೆ ಒಂದು ಕೆಜಿ ಇದ್ದರೂ ಮೈಲುತುತ್ತಿನ ಹುಳಿಯನ್ನು ಮುರಿಯುವ ಶಕ್ತಿ ಅದಕ್ಕೆ ಇರುವುದಿಲ್ಲ. ದ್ರಾವಣ ಕಾಯಿಗೆ ಸರಿಯಾಗಿ ಅಂಟಿ ಕೂರುವುದಿಲ್ಲ, ಎಳೆಯ ಕಾಯಿ, ಹೂವನ್ನು ಸುಡುವುದೂ ಉಂಟು. ಪರಿಹಾರ ಸುಲಭ: ಸುಣ್ಣದ ತಿಳಿ ಇನ್ನೂ ಸ್ವಲ್ಪ ಸೇರಿಸುತ್ತಾ ಚೂರಿಗೆ ಕೆಂಪು ಹಿಡಿಯುವುದು ನಿಲ್ಲುವ ತನಕ ನೋಡುವುದು, ಇಲ್ಲವೇ ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದ ಅದ್ದಿ 7ಕ್ಕೆ ಬಂತೋ ನೋಡುವುದು. ಮಾಡಿದ ದ್ರಾವಣವನ್ನು ಅದೇ ದಿನ ಬಿಟ್ಟು ಮುಗಿಸಬೇಕು. ಈ ಚೂರಿಯ ಪರೀಕ್ಷೆ ಗೊತ್ತಿದ್ದವರು ನಮ್ಮ ಹಿರಿಯರಲ್ಲಿ ತುಂಬ ಜನ ಇದ್ದರು. ಮದ್ದು ಬಿಡುವುದನ್ನೇ ಪೂರ್ತಿ ಗುತ್ತಿಗೆಗೆ ಕೊಟ್ಟ ಮೇಲೆ ಡ್ರಮ್ಮಿನ ಹತ್ತಿರ ನಿಂತು ನೋಡುವ ಅಭ್ಯಾಸ ಹೋಯಿತು, ಅದರ ಜೊತೆ ಇದೂ ಹೋಯಿತು. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ನಾನು ಹೇಳಹೊರಟದ್ದು ಇದನ್ನು: ಆ ಎರಡು ಬಕೆಟ್ ಅಂಗಳಕ್ಕೆ ಬಂದದ್ದು ಪ್ರಶ್ನೆಗಳು ಐದು ದಿನ ಮೊದಲೇ ತಲುಪಿದ್ದರಿಂದ. ಅವತ್ತೇ ಕೇಳಿದ್ದರೆ "ಒಳ್ಳೆ ಸುಣ್ಣ ಬಳಸಿ" ಎನ್ನುವ ಒಂದು ವಾಕ್ಯ ಸಿಗುತ್ತಿತ್ತು.

ಗಂಟೆ ಎಷ್ಟಕ್ಕೆ?

ರೇಡಿಯೊದ ಕೃಷಿ ಕಾರ್ಯಕ್ರಮಕ್ಕೆ ಈ ತಲೆಬಿಸಿ ಇರಲಿಲ್ಲ. ಅದು ಪ್ರತಿ ದಿನ ಅದೇ ಹೊತ್ತಿಗೆ ಬರುತ್ತಿತ್ತು. ಪ್ರಶ್ನೆಯೂ ಕಾಗದದಲ್ಲಿ ಮೊದಲೇ ಹೋಗಿರುತ್ತಿತ್ತು. ಫೋನಿನಲ್ಲಿ ನಡೆಸುವ ಮಾತುಕತೆಗೆ ಹೊತ್ತೆಂಬುದು ಇಲ್ಲ, ಪ್ರತಿ ಸಲ ನಾವೇ ಆರಿಸಿ ನಾವೇ ಹೇಳಬೇಕು.

ಎಲ್ಲರೂ ಸಂಜೆ 7 ಗಂಟೆ ಇಡುತ್ತಾರೆ. ಬೇರೆ ತಿಂಗಳಲ್ಲಿ ಅದು ಸರಿ. ಮೇ ತಿಂಗಳಲ್ಲಿ ಕರಾವಳಿಯ ಈ ಭಾಗದಲ್ಲಿ ಸಂಜೆ ಅಂದರೆ ಗುಡುಗು, ಮಿಂಚು. ಮೂರೂವರೆ, ನಾಲ್ಕು ಗಂಟೆಗೆ ಗುಡ್ಡದ ಕಡೆ ಮೋಡ ಕಪ್ಪಾದರೆ ಮನೆಯವರು ಮೊದಲು ಮಾಡುವ ಕೆಲಸ ಟಿವಿಯ ಮತ್ತು ಇಂಟರ್ನೆಟ್ ಮೋಡೆಮ್‌ನ ವಯರ್ ಕೀಳುವುದು. ಒಂದು ಸಿಡಿಲಿಗೆ ಮೋಡೆಮ್ ಸುಟ್ಟರೆ ಹೊಸದು ಬರಲು ವಾರವಾಗುತ್ತದೆ. ಕರೆಂಟೂ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. 7 ಗಂಟೆಗೆ ತಜ್ಞರು ಕೂತಿರುತ್ತಾರೆ, ಕೇಳಬೇಕಾದವರು ಕ್ಯಾಂಡಲ್ ಬೆಳಕಿನಲ್ಲಿ ಇರುತ್ತಾರೆ. ಬೆಳಿಗ್ಗೆ ಇಡೋಣ ಅಂದರೆ 8ಕ್ಕೆಲ್ಲ ಕೆಲಸದವರು ಬರುತ್ತಾರೆ, ತೋಟದಲ್ಲಿ ನಿಲ್ಲಲೇಬೇಕು. ಭಾನುವಾರ ಬೇಡ, ಮೇ ತಿಂಗಳ ಭಾನುವಾರ ಯಾರೂ ಮನೆಯಲ್ಲಿ ಇರುವುದಿಲ್ಲ, ಒಂದೇ ದಿನ ಮೂರು ಮನೆಯ ಊಟ ಇರುತ್ತದೆ.

ಹಾಗಾಗಿ ನಾವು ವಾರದ ಮಧ್ಯೆ, ಮಧ್ಯಾಹ್ನ 1:30 ಎಂದು ಮಾಡಿಕೊಂಡಿದ್ದೇವೆ. ಊಟದ ಬಿಡುವು. ಮಳೆ ಬರುವುದಿದ್ದರೂ ಇನ್ನೂ ಬಂದಿರುವುದಿಲ್ಲ. ತೋಟದ ಯಜಮಾನರು ಊರಲ್ಲಿದ್ದು ಮಕ್ಕಳು ದುಬೈಯಲ್ಲಿ ಇರುವ ಮನೆಗಳು ನಮ್ಮಲ್ಲಿ ಸುಮಾರು ಇವೆ. ಅಲ್ಲಿಂದಲೇ ಫೋನಿನಲ್ಲಿ ತೋಟ ನಡೆಸುವವರೂ ಇದ್ದಾರೆ. ಅವರಿಗೆ ಆಗ ಸರಿಯಾಗಿ 12 ಗಂಟೆ. ಕತಾರ್, ಕುವೈತ್‌ನಲ್ಲಿ 11. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇರುವವರಿಗೆ ನಡುರಾತ್ರಿ 1 ಗಂಟೆ, ಅವರಿಗೆ ರೆಕಾರ್ಡಿಂಗ್ ಕಳುಹಿಸುತ್ತೇವೆ ಎಂದು ಪ್ರಕಟಣೆಯಲ್ಲೇ ಹೇಳಿಬಿಡುತ್ತೇವೆ.

ತಾರೀಕು ಇನ್ನೂ ಮುಖ್ಯ. ನೈಋತ್ಯ ಮುಂಗಾರು ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುತ್ತದೆ ಎನ್ನುವುದು ಲೆಕ್ಕ, ನಮ್ಮಲ್ಲಿಗೆ ಅದಾಗಿ ನಾಲ್ಕೈದು ದಿನ. ಮೊದಲ ಮದ್ದು ಅದಕ್ಕಿಂತ ಮುಂಚೆ ಮರದ ಮೇಲೆ ಒಣಗಿರಬೇಕು. ತಜ್ಞರ ಮಾತು ಕೇಳಿ, ಸುಣ್ಣ ಮೈಲುತುತ್ತು ತಂದು, ದೋಟಿಯವರನ್ನೋ ಮರ ಹತ್ತುವವರನ್ನೋ ಗೊತ್ತು ಮಾಡಿ ಬಿಡಿಸಲು ಎರಡು ವಾರವಾದರೂ ಬೇಕು. ಮೇ ಕೊನೆಯ ವಾರ ಕೊಳೆರೋಗದ ಮಾತುಕತೆ ಇಟ್ಟರೆ ಕೇಳಿದ್ದನ್ನು ಮಾಡಲು ಸಮಯವೇ ಇರುವುದಿಲ್ಲ. ಹಾಗಾಗಿ ಮೇ ಎರಡನೇ ವಾರ ದಾಟಬಾರದು.

ಒಂದು ಪ್ರಕಟಣೆಯಲ್ಲ, ಎರಡು

ಪ್ರಶ್ನೆ ಕಳುಹಿಸಲು ಕೊನೆಯ ದಿನ ಒಂದು, ಮಾತುಕತೆಯ ದಿನ ಇನ್ನೊಂದು. ಎರಡೂ ಒಂದೇ ಚಿತ್ರದಲ್ಲಿ ಹಾಕಿದರೆ ಜನ ಒಂದನ್ನು ಮಾತ್ರ ನೆನಪಿಡುತ್ತಾರೆ, ಅದೂ ಎರಡನೆಯದ್ದನ್ನು. ಪ್ರಶ್ನೆಗಳು ಮಾತುಕತೆಯ ದಿನ ಬೆಳಿಗ್ಗೆ ಬಂದು ಬೀಳುತ್ತವೆ. ಅದಕ್ಕೆ ನಾವು ಎರಡಾಗಿ ಕಳುಹಿಸುತ್ತೇವೆ. ಮೊದಲನೆಯದ್ದು ಪ್ರಶ್ನೆ ಕೇಳಲು ಮಾತ್ರ. ಚಿತ್ರ ಮಾಡುವುದಿಲ್ಲ, ಬರೇ ಅಕ್ಷರ. ಚಿತ್ರದಲ್ಲಿರುವ ಲಿಂಕ್ ಒತ್ತಲು ಆಗುವುದಿಲ್ಲ, ಅಕ್ಷರವಾದರೆ ಯಾರಾದರೂ ಓದಿಯೂ ಹೇಳಬಹುದು. ಈ ವರ್ಷ ಕಳುಹಿಸುವುದು ಹೀಗೆ:

"ಅಡಿಕೆ ಬೆಳೆಗಾರರೇ, ಕೊಳೆರೋಗ, ನಳ್ಳಿ ಉದುರುವುದು ಮತ್ತು ಎಲೆಚುಕ್ಕಿ, ಈ ಮೂರರ ಬಗ್ಗೆ ನಿಮ್ಮ ಪ್ರಶ್ನೆ ಕಳುಹಿಸಿ. ಉತ್ತರಿಸುವವರು ಸಸ್ಯರೋಗ ವಿಜ್ಞಾನಿ. ಬೆಲೆ, ವಿಮೆ, ಸಬ್ಸಿಡಿಯ ಪ್ರಶ್ನೆ ಇದರಲ್ಲಿ ಬೇಡ. ಬರೆದೂ ಕಳುಹಿಸಬಹುದು, ಮಾತಿನಲ್ಲೂ ಕಳುಹಿಸಬಹುದು. ಊರು, ಮರಕ್ಕೆ ಎಷ್ಟು ವರ್ಷ, ಯಾವಾಗ ಶುರುವಾಯಿತು, ಈ ವರ್ಷ ಏನು ಮದ್ದು ಯಾವ ತಾರೀಕಿಗೆ ಬಿಟ್ಟಿದ್ದೀರಿ, ಇಷ್ಟು ಹೇಳಿ. ಫೋಟೊ ಎರಡು ಸಾಕು: ಒಂದು ಹತ್ತಿರದಿಂದ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು, ಒಂದು ಇಡೀ ಗೊನೆ, ಹಿಂಗಾರ ಅಥವಾ ಸೋಗೆ ಕಾಣುವ ಹಾಗೆ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲದಿದ್ದರೆ ಮಸುಕಾಗುತ್ತದೆ. ಪ್ರಶ್ನೆ ಬರಬೇಕಾದ ಕೊನೆಯ ಹೊತ್ತು: 2026 ಮೇ 8, ಶುಕ್ರವಾರ, ರಾತ್ರಿ 8 ಗಂಟೆ."

ಇದರಲ್ಲಿ ಮಾತುಕತೆಯ ದಿನ ಬೇಕೆಂದೇ ಇಲ್ಲ. ಅದು ಎರಡನೆಯ ಪ್ರಕಟಣೆಯಲ್ಲಿ, ಪ್ರಶ್ನೆಗಳೆಲ್ಲ ಬಂದ ಮೇಲೆ, ಶನಿವಾರ ಹೋಗುತ್ತದೆ: "2026 ಮೇ 13, ಬುಧವಾರ, ಮಧ್ಯಾಹ್ನ 1:30ರಿಂದ 2:45ರ ತನಕ, ಭಾರತದ ಸಮಯ. ಲಿಂಕ್ 1:15ಕ್ಕೆ ತೆರೆಯುತ್ತದೆ. 1:30ಕ್ಕೆ ಮೊದಲ ಪ್ರಶ್ನೆ." ವಾರ, ತಾರೀಕು, ವರ್ಷ ಮೂರೂ ಬೇಕು. ವರ್ಷ ಹಾಕದಿದ್ದರೆ ಹಳೆಯ ಪ್ರಕಟಣೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಓಡಾಡುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಮುಗಿಯುವ ಹೊತ್ತು ಹೇಳುವುದೂ ಅಷ್ಟೇ ಮುಖ್ಯ, ಕೆಲಸದವರಿಗೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಬರಬೇಕಲ್ಲ. ಮತ್ತೆ 1:30ಕ್ಕೆ ಮೊದಲ ಪ್ರಶ್ನೆ ಅಂದರೆ ಸ್ವಾಗತ ಭಾಷಣ ಇಲ್ಲ ಎಂದು ಅರ್ಥ. ತಜ್ಞರ ಪರಿಚಯ ಪ್ರಕಟಣೆಯಲ್ಲೇ ಎರಡು ಸಾಲು ಇರುತ್ತದೆ, ಅದು ಸಾಕು.

ಎಪ್ಪತ್ತೈದು ನಿಮಿಷಕ್ಕೆ ಎಷ್ಟು ಪ್ರಶ್ನೆ? ಸರಿಯಾಗಿ ಉತ್ತರ ಕೊಡಲು ಒಂದಕ್ಕೆ ಐದು ನಿಮಿಷ ಬೇಕು. ಹನ್ನೆರಡು ಪ್ರಶ್ನೆಗೆ ಒಂದು ಗಂಟೆ ಆಯಿತು. ಉಳಿದ ಕಾಲು ಗಂಟೆ ಉತ್ತರ ಕೇಳಿ ಹುಟ್ಟುವ ಹೊಸ ಪ್ರಶ್ನೆಗಳಿಗೆ. ಆಯ್ದ ಪ್ರಶ್ನೆ ಯಾರದ್ದೋ ಅವರಿಗೆ ಮುಂಚಿನ ದಿನವೇ "ನಿಮ್ಮದು 2 ಗಂಟೆಯ ಆಸುಪಾಸಿಗೆ ಬರುತ್ತದೆ, ಆಗ ಫೋನ್ ಕೈಯಲ್ಲಿರಲಿ" ಎಂದು ಹೇಳಿರುತ್ತೇವೆ. ಹೆಸರು ಹೇಳಬಹುದೋ ಬೇಡವೋ ಎಂದೂ ಕೇಳಿರುತ್ತೇವೆ, ತನ್ನ ತೋಟಕ್ಕೆ ರೋಗ ಬಂದದ್ದು ಊರಿಗೆಲ್ಲ ಗೊತ್ತಾಗುವುದು ಬೇಡ ಎನ್ನುವವರು ಇರುತ್ತಾರೆ, ಅವರ ಮಾತಿಗೂ ಬೆಲೆ ಕೊಡಬೇಕು. ಪ್ರಶ್ನೆ ಓದುವ ಕೆಲಸ ಒಬ್ಬರಿಗೇ. ಅವರ ಇನ್ನೊಂದು ಕೆಲಸ, ತಜ್ಞರು ಯಾವುದೇ ಮದ್ದಿನ ಅಳತೆ ಹೇಳಿದರೆ ಅದನ್ನು ತಿರುಗಿ ಗಟ್ಟಿಯಾಗಿ ಓದಿ ಹೇಳಿ "ಸರಿಯಾ ಮೇಡಂ?" ಎಂದು ಕೇಳುವುದು. ಲೀಟರಿಗೆ ಒಂದು ಮಿಲಿಯೋ ಹತ್ತು ಮಿಲಿಯೋ ಎನ್ನುವುದು ನೆಟ್‌ವರ್ಕ್ ಕಡಿದಾಗ ತಪ್ಪಿ ಕೇಳಬಾರದು. ಅದೇ ಅಳತೆ ಸಂಜೆಯೊಳಗೆ ಬರಹದಲ್ಲೂ ಹೋಗುತ್ತದೆ, ತಜ್ಞರು ನೋಡಿ ಒಪ್ಪಿದ ಮೇಲೆ.

ಹನ್ನೆರಡರಲ್ಲಿ ಬಾರದ ಪ್ರಶ್ನೆಗಳು ಉಳಿಯುತ್ತವೆ. ಅವನ್ನು ಬಿಡಬಾರದು. ನಾಲ್ಕು ದಿನ ಕೂತು ಫೋಟೊ ತೆಗೆದು ಕಳುಹಿಸಿದವರಿಗೆ ಒಂದು ಸಾಲೂ ಉತ್ತರ ಬಾರದಿದ್ದರೆ ಮುಂದಿನ ವರ್ಷ ಅವರು ಕಳುಹಿಸುವುದಿಲ್ಲ, ಅದು ನ್ಯಾಯವೇ. ಒಂದೇ ಬಗೆಯದ್ದನ್ನು ಸೇರಿಸಿ, ತಜ್ಞರಿಂದ ಎರಡೆರಡು ಸಾಲು ಬರೆಸಿಕೊಂಡು ಕಳುಹಿಸುತ್ತೇವೆ. ಕೆಲವಕ್ಕೆ ಫೋಟೊದಲ್ಲಿ ಉತ್ತರ ಇರುವುದಿಲ್ಲ. ಹಳದಿ ಎಲೆ ರೋಗವೋ, ಬೇರಿನ ತೊಂದರೆಯೋ, ಬರೇ ಗೊಬ್ಬರದ ಕೊರತೆಯೋ ಎಂದು ಸೋಗೆಯ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಅಂಥವರಿಗೆ ಇದನ್ನು ಫೋನಿನಲ್ಲಿ ಹೇಳಲಾಗದು, ಮಣ್ಣು ಮತ್ತು ಸೋಗೆಯ ಮಾದರಿ ತೆಗೆದುಕೊಂಡು ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರಕ್ಕೆ ಹೋಗಿ ಎಂದು ನೇರವಾಗಿ ಹೇಳುವುದೇ ಸರಿಯಾದ ಉತ್ತರ.

ಎರಡನೆಯ ಮದ್ದಿನ ಹೊತ್ತಿಗೆ, ಜುಲೈ ಮೊದಲ ವಾರ, ಅರ್ಧ ಗಂಟೆಯ ಇನ್ನೊಂದು ಮಾತುಕತೆ ಇಡುವ ಯೋಚನೆ ಇದೆ. ಮೇ ತಿಂಗಳಲ್ಲಿ ಕೇಳಿದವರೇ ತಮ್ಮ ತೋಟದಲ್ಲಿ ಏನಾಯಿತು ಎಂದು ಹೇಳಬೇಕು, ತಜ್ಞರು ಕೇಳಬೇಕು. ಆಗ ಮಧ್ಯಾಹ್ನ ಬೇಡ, ಜಡಿಮಳೆಗೆ ತೋಟದ ಕೆಲಸ ಕಡಿಮೆ, ಗುಡುಗೂ ಅಷ್ಟಿಲ್ಲ, ಸಂಜೆ 7 ಗಂಟೆಯೇ ಆದೀತು. ಅದರ ಪ್ರಶ್ನೆಗಳಿಗೆ ಜೂನ್ 26, ಶುಕ್ರವಾರ ರಾತ್ರಿ 8ರ ತನಕ ಸಮಯ.